ಫೋಟೋದಿಂದ ಕಾಗದದ ಕತ್ತರಿಚಿತ್ರ: ನೆರಳು, ನಾರು ಮತ್ತು ಅಂಚಿನ ಲೆಕ್ಕ

ಫೋಟೋವೊಂದನ್ನು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಚಿತ್ರದಂತೆ ಕಾಣಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಯಾವುದಾದರೊಂದು ಫಿಲ್ಟರಿಗೆ. ಫಿಲ್ಟರು ಬಣ್ಣಗಳನ್ನು ನಾಲ್ಕೈದಕ್ಕೆ ಇಳಿಸಿ, ಅಂಚಿಗೊಂದು ಕಪ್ಪು ಗೆರೆ ಎಳೆದು, ಮೇಲೆ ಒರಟು ಕಾಗದದ ನಾರನ್ನು ಹರಡಿಕೊಡುತ್ತದೆ. ಹಾಗೆ ಬಂದ ಚಿತ್ರ ಚೆನ್ನಾಗಿ ಕಾಣಬಹುದು, ಆದರೆ ಕಾಗದದಂತೆ ಕಾಣುವುದಿಲ್ಲ. ಒರಟು ಹಾಳೆಯ ಮೇಲೆ ಅಚ್ಚು ಹಾಕಿದ ಭಿತ್ತಿಪತ್ರದಂತೆ ಕಾಣುತ್ತದೆ. ಕತ್ತರಿಚಿತ್ರದಲ್ಲಿ ಪ್ರತಿಯೊಂದು ತುಂಡೂ ಬೇರೆ ಹಾಳೆಯಿಂದ ಬಂದಿರುತ್ತದೆ, ಒಂದರ ಮೇಲೊಂದು ಕೂತಿರುತ್ತದೆ, ಮತ್ತು ಎಲ್ಲದರ ಮೇಲೂ ಒಂದೇ ದೀಪದ ಬೆಳಕು ಬಿದ್ದಿರುತ್ತದೆ. ಈ ಮೂರು ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಪಾಲಿಸಿದರೆ ಕಣ್ಣು ತಾನಾಗಿಯೇ ಕಾಗದವೆಂದು ನಂಬುತ್ತದೆ.

ಪುಣೆಯ ನಮ್ಮ ಕನ್ನಡ ಗೆಳೆಯರ ಬಳಗದ ರಾಜ್ಯೋತ್ಸವ ಸಂಚಿಕೆಗೆ ಮುಖಪುಟ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಪೇಶ್ವೆಗಳ ಕೋಟೆಯಾಗಿದ್ದ ಶನಿವಾರವಾಡೆಯ ಹೆಬ್ಬಾಗಿಲು ದಿಲ್ಲಿ ದರವಾಜದ ಮುಂದೆ ಕೊಡೆ ಹಿಡಿದು ನಿಂತ ನನ್ನ ಅವ್ವನ ಫೋಟೋವನ್ನು ಆರಿಸಿಕೊಂಡೆ. ಅದನ್ನು ಕತ್ತರಿಚಿತ್ರವಾಗಿಸಿದ ಬಗೆಯನ್ನೇ ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಬಳಸಿದ್ದು ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ; ಬೇರೆ ತಂತ್ರಾಂಶದಲ್ಲಿ ಮೆನುವಿನ ಹೆಸರು ಬದಲಾದರೂ ಲೆಕ್ಕ ಬದಲಾಗುವುದಿಲ್ಲ.

ಫೋಟೋ ಆರಿಸುವುದು

ಬಿಸಿಲಿನಲ್ಲಿ ತೆಗೆದ ಫೋಟೋ ಈ ಕೆಲಸಕ್ಕೆ ಒಗ್ಗುವುದಿಲ್ಲ. ಫೋಟೋದೊಳಗಿನ ಬಿಸಿಲಿನ ನೆರಳು ಒಂದು ಕಡೆಗೆ ಚಾಚಿರುವಾಗ ನೀವು ಸೇರಿಸುವ ಕಾಗದದ ನೆರಳು ಇನ್ನೊಂದು ಕಡೆಗೆ ಬಿದ್ದರೆ, ನೋಡುವವರಿಗೆ ತಪ್ಪು ಎಲ್ಲಿದೆಯೆಂದು ಗೊತ್ತಾಗದಿದ್ದರೂ ಏನೋ ಸರಿಯಿಲ್ಲವೆಂಬುದು ಗೊತ್ತಾಗುತ್ತದೆ. ದಿಲ್ಲಿ ದರವಾಜ ಉತ್ತರಕ್ಕೆ ಮುಖಮಾಡಿದೆ. ಬೇಸಿಗೆಯ ಕೊನೆ ಮತ್ತು ಮಳೆಗಾಲದ ಮೊದಲ ವಾರಗಳನ್ನು ಬಿಟ್ಟರೆ ನಡುಹಗಲ ಸೂರ್ಯ ವಾಡೆಯ ಬೆನ್ನ ಹಿಂದೆಯೇ ಇರುವುದರಿಂದ ಬಾಗಿಲಿನ ಮೇಲೆ ನೇರ ಬಿಸಿಲು ಬೀಳುವುದು ಅಪರೂಪ. ನನ್ನ ಫೋಟೋ ಆಗಸ್ಟಿನ ಮೋಡ ಕವಿದ ಮಧ್ಯಾಹ್ನದ್ದಾಗಿದ್ದರಿಂದ ನೆರಳಿನ ತಕರಾರೇ ಇರಲಿಲ್ಲ.

ಎರಡನೆಯದಾಗಿ, ಹತ್ತಿರದ್ದು ಮತ್ತು ದೂರದ್ದು ಫೋಟೋದಲ್ಲಿ ಸ್ಪಷ್ಟವಾಗಿ ಬೇರೆಯಾಗಿರಬೇಕು. ನನ್ನದರಲ್ಲಿ ಹಿಂದಿನಿಂದ ಮುಂದಕ್ಕೆ ಆರು ಹಾಳೆಗಳು ಸುಲಭವಾಗಿ ಸಿಕ್ಕವು. ಮೊದಲನೆಯದು ಆಕಾಶ. ಎರಡನೆಯ ಹಾಳೆಯ ಮೇಲ್ಭಾಗದಲ್ಲಿ ದರವಾಜದ ಮೇಲಿನ ನಗಾರಖಾನೆ, ಕೆಳಭಾಗದಲ್ಲಿ ಬಾಗಿಲು. ಮೂರನೆಯದು ಕಲ್ಲಿನ ಗೋಡೆ. ಇದರಲ್ಲಿ ಕಮಾನಿನ ಆಕಾರದ ತೂತು ಕತ್ತರಿಸಿರುತ್ತದೆ, ಅದರ ಮೂಲಕ ಹಿಂದಿನ ಹಾಳೆಯ ಬಾಗಿಲು ಕಾಣುತ್ತದೆ. ನಾಲ್ಕನೆಯದು ಮುಂದಕ್ಕೆ ಚಾಚಿದ ಬುರುಜುಗಳು ಮತ್ತು ನೆಲ, ಐದನೆಯದು ಅವ್ವ, ಆರನೆಯದು ಕೊಡೆ. ಆರಕ್ಕಿಂತ ಹೆಚ್ಚು ಹಾಳೆ ಮಾಡುವ ಆಸೆ ಬರುತ್ತದೆ, ಆದರೆ ಹಾಳೆ ಹೆಚ್ಚಿದಷ್ಟೂ ನೆರಳುಗಳು ಒಂದರ ಮೇಲೊಂದು ಬಿದ್ದು ಚಿತ್ರ ಕೊಳೆಯಾದಂತೆ ಕಾಣುತ್ತದೆ.

ಅಂಚು: ಕತ್ತರಿ ಒಪ್ಪುವ ಗೆರೆ

ಫೋಟೋದ ಒಂದು ನಕಲನ್ನು ಮಾಡಿಕೊಂಡು ಅದರ ಮೇಲೆ `Colors > Posterize` ಬಳಸಿ, ಮಟ್ಟಗಳ ಸಂಖ್ಯೆಯನ್ನು 4ಕ್ಕೆ ಇಡಿ. ಇದು ದಾರಿ ತೋರಿಸಲು ಮಾತ್ರ. ಇದರ ಮೇಲೆಯೇ ಕೆಲಸ ಮುಂದುವರಿಸಬಾರದು. ಈ ಆಜ್ಞೆ ಫೋಟೋವನ್ನು ಒಡೆಯುವುದು ಬೆಳಕು ಕತ್ತಲೆಗಳ ಪ್ರಕಾರ, ವಸ್ತುಗಳ ಪ್ರಕಾರವಲ್ಲ. ಅವ್ವನ ಕೆನ್ನೆಯ ಅರ್ಧ ಒಂದು ಬಣ್ಣಕ್ಕೂ ಇನ್ನರ್ಧ ಹಿಂದಿನ ಗೋಡೆಯ ಬಣ್ಣಕ್ಕೂ ಸೇರಿಹೋಗಿತ್ತು. ಕಾಗದ ಕತ್ತರಿಸುವವರು ಯಾರೂ ಹಾಗೆ ಕತ್ತರಿಸುವುದಿಲ್ಲ; ಸೀರೆಗೊಂದು ಹಾಳೆ, ಮುಖಕ್ಕೊಂದು ಹಾಳೆ, ಗೋಡೆಗೊಂದು ಹಾಳೆ ತೆಗೆದುಕೊಳ್ಳುತ್ತಾರೆ.

ಹಾಗಾಗಿ ಪ್ರತಿಯೊಂದು ಆಕಾರವನ್ನೂ `Paths` ಸಾಧನದಿಂದ ಕೈಯಾರೆ ಸುತ್ತಬೇಕು. ಇಲ್ಲಿ ಬಿಂದುಗಳನ್ನು ಜಿಪುಣತನದಿಂದ ಇಡಿ. ಕತ್ತರಿಯ ಬಾಯಿ ಉದ್ದನೆಯ ಬಾಗುಗೆರೆಯನ್ನು ಒಂದೇ ಓಟದಲ್ಲಿ ಕತ್ತರಿಸುತ್ತದೆ, ಮೂಲೆಯಲ್ಲಿ ನಿಂತು ತಿರುಗುತ್ತದೆ. ಆದ್ದರಿಂದ ನಿಜವಾದ ಕತ್ತರಿಚಿತ್ರದ ಅಂಚಿನಲ್ಲಿ ಉದ್ದನೆಯ ಓಟಗಳೂ ಚೂಪಾದ ಮೂಲೆಗಳೂ ಇರುತ್ತವೆ, ನಡುವೆ ನಡುಕವಿರುವುದಿಲ್ಲ. ಕೈಕೆಲಸದಂತೆ ಕಾಣಲೆಂದು ಅಂಚನ್ನು ಬೇಕೆಂದೇ ಅಂಕುಡೊಂಕು ಮಾಡುವವರಿದ್ದಾರೆ. ಅದು ಕತ್ತರಿಸಿದ ಕಾಗದವಲ್ಲ, ಕೈಯಿಂದ ಹರಿದ ಕಾಗದದ ಲಕ್ಷಣ, ಮತ್ತು ಹರಿದ ಕಾಗದಕ್ಕೆ ಬಿಳಿಯ ನಾರಿನ ಅಂಚು ಬೇರೆ ಬೇಕಾಗುತ್ತದೆ. ಕೊಡೆಯ ಅರೆವೃತ್ತಕ್ಕೆ ನಾನು ಬಳಸಿದ್ದು ಮೂರು ಬಿಂದು. ಕೆಳಗಿನ ಜೋಲುಗಳಿಗೆ ಪ್ರತಿ ಕಡ್ಡಿಯ ತುದಿಗೆ ಒಂದರಂತೆ.

ಎಷ್ಟು ಸಣ್ಣ ಆಕಾರವನ್ನು ಉಳಿಸಿಕೊಳ್ಳಬಹುದೆಂಬುದಕ್ಕೂ ಒಂದು ಮಿತಿಯಿದೆ. ಎ4 ಅಳತೆಯ ಪುಟ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2480 ಅಗಲ, 3508 ಎತ್ತರವಿರುತ್ತದೆ, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 12 ಪಿಕ್ಸೆಲ್. ಒಂದು ಮಿಲಿಮೀಟರಿಗಿಂತ ಕಿರಿದಾದ ಕಾಗದದ ಎಳೆ ಕತ್ತರಿಸುವಾಗಲೇ ಹರಿಯುತ್ತದೆ ಅಥವಾ ಸುರುಳಿಯಾಗುತ್ತದೆ. ಆದ್ದರಿಂದ 12 ಪಿಕ್ಸೆಲಿಗಿಂತ ತೆಳುವಾದ ಯಾವುದನ್ನೂ ಇಟ್ಟುಕೊಳ್ಳಬಾರದೆಂದು ನಿಯಮ ಮಾಡಿಕೊಂಡೆ. ಅವ್ವ ಉಟ್ಟಿದ್ದು ಇಳಕಲ್ ಸೀರೆ. ಅದರ ಒಡಲಿನ ಸಣ್ಣ ಚೌಕುಳಿಗಳೆಲ್ಲ ಈ ನಿಯಮದಲ್ಲಿ ಹೋದವು. ಸೆರಗಿನ ತೋಪು ತೆನೆಯ ಬಿಳಿ ಹಲ್ಲುಗಳು ಮಾತ್ರ, ಸಂಖ್ಯೆಯಲ್ಲಿ ಕಡಿಮೆಯಾಗಿ ಮತ್ತು ಗಾತ್ರದಲ್ಲಿ ದೊಡ್ಡದಾಗಿ, ಉಳಿದವು. ಇಳಕಲ್ ಎಂದು ಗುರುತು ಹಿಡಿಯಲು ಅಷ್ಟು ಸಾಕಾಯಿತು. ಬಾಗಿಲಿನ ಒಂದೊಂದು ಕದಕ್ಕೂ ಆನೆಗಳನ್ನು ತಡೆಯಲು ಬಡಿದ 72 ಉಕ್ಕಿನ ಮೊಳೆಗಳಿವೆ. ಚಿತ್ರದಲ್ಲಿ ಕದಕ್ಕೆ ಹನ್ನೆರಡನ್ನು ಇಟ್ಟೆ, ಯಾರೂ ಎಣಿಸಿ ಕೇಳಲಿಲ್ಲ.

ಇನ್ನೊಂದು ಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ಒಂದೇ ಹಾಳೆಯಲ್ಲಿ ತೂತುಗಳನ್ನು ಕತ್ತರಿಸುವಾಗ ತೂತಿನ ನಡುವೆ ತುಂಡೊಂದು ಗಾಳಿಯಲ್ಲಿ ನಿಲ್ಲಲಾರದು; ಅದಕ್ಕೆ ಹಾಳೆಯ ಉಳಿದ ಭಾಗದೊಂದಿಗೆ ಎಲ್ಲಿಯಾದರೂ ಸಂಬಂಧವಿರಬೇಕು. ಮಥುರೆಯ ಸಾಂಝಿ ಕಾಗದದ ಅಚ್ಚುಗಳನ್ನು ನೋಡಿದವರಿಗೆ ಇದು ಗೊತ್ತು: ಅಲ್ಲಿ ಎಲೆ, ಹೂ, ಹಸುವಿನ ಕಣ್ಣು ಎಲ್ಲವೂ ಸಣ್ಣ ಸಣ್ಣ ಸೇತುವೆಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಗಾರಖಾನೆಯ ಕಮಾನುಗಳನ್ನು ತೂತುಗಳಾಗಿ ಕತ್ತರಿಸಿದಾಗ ಕಂಬಗಳು ಮೇಲೆ ಕೆಳಗೆ ಅಂಟಿಕೊಂಡಿವೆಯೇ ಎಂದು ನೋಡಿಕೊಂಡೆ. ಹಿಂದೆ ಬೇರೆ ಹಾಳೆಯಿದ್ದು ಅದರ ಮೇಲೆ ತುಂಡನ್ನು ಅಂಟಿಸಿದ್ದರೆ ಸೇತುವೆ ಬೇಡ, ಆದರೆ ಆಗ ಆ ತುಂಡಿಗೆ ತನ್ನದೇ ನೆರಳು ಬೇಕು.

ಮುಖದ ವಿಷಯದಲ್ಲಿ ಧೈರ್ಯ ಮಾಡಿ ಕಳೆಯಿರಿ. ಕಣ್ಣು, ಹುಬ್ಬು, ತುಟಿ ಎಲ್ಲವನ್ನೂ ಇಟ್ಟರೆ ಮುಖ ಮತ್ತೆ ಫೋಟೋವಿಗೆ ಹತ್ತಿರವಾಗಿ, ಸುತ್ತಲಿನ ಕಾಗದದ ಲೋಕದಿಂದ ಹೊರಗೆ ಬೀಳುತ್ತದೆ. ನಾನು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದಂತೆ ಸುತ್ತಿ ಮೂಗಿನ ಗೆರೆ, ಕುಂಕುಮದ ಒಂದು ವೃತ್ತ, ಕಣ್ಣಿಗೊಂದು ಸೀಳು ಇಟ್ಟೆ. ಅವ್ವ ನೋಡಿ, “ನನ್ನ ಮುಖ ಎಲ್ಲಿ ಹೋತೋ ತಮ್ಮಾ, ಬರೇ ಮೂಗಷ್ಟ ಇಟ್ಟೀಯಲ್ಲ!” ಎಂದಳು.

ಕಪ್ಪು ಗೆರೆಯ ವಿಚಾರವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಕಾಗದಕ್ಕೆ ಗೆರೆಯಿಲ್ಲ, ಎಲ್ಲಿಯೂ ಎಳೆಯಬೇಡಿ.

ಬಣ್ಣ ಮತ್ತು ನಾರು

ಪ್ರತಿ ಆಕಾರವನ್ನೂ ಪ್ರತ್ಯೇಕ ಪದರದಲ್ಲಿ, ಅಂದರೆ ಗಿಂಪಿನ `Layer`ನಲ್ಲಿ, ಒಂದೇ ಬಣ್ಣದಿಂದ ತುಂಬಿ. ಬಣ್ಣವನ್ನು ಫೋಟೋದಿಂದಲೇ ತೆಗೆದುಕೊಳ್ಳಬಹುದು, ಆದರೆ ಒಟ್ಟು ಎಂಟಕ್ಕಿಂತ ಹೆಚ್ಚಾಗದಿರಲಿ. ನಿಜವಾಗಿ ಮಾಡುವವರು ಅಪ್ಪಾ ಬಳವಂತ ಚೌಕದ ಅಂಗಡಿಯಲ್ಲಿ ಸಿಕ್ಕ ಕಾರ್ಡ್‌ಶೀಟುಗಳಲ್ಲಿಯೇ ಹೊಂದಿಸಿಕೊಳ್ಳುತ್ತಾರೆ. ಬಣ್ಣದೊಳಗೆ ಏರಿಳಿತ ಬೇಡ.

ನಾರಿನ ವಿಷಯ ಇಷ್ಟು ಸಲೀಸಲ್ಲ. ಅಂತರ್ಜಾಲದಲ್ಲಿ ಸಿಗುವ ಕಾಗದದ ಚಿತ್ರಗಳ ಅಳತೆ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಹಿಗ್ಗಿಸಿ ಹಾಕಿದರೆ ನಾರುಗಳು ದಾರದಷ್ಟು ದಪ್ಪವಾಗಿ, ಎ4 ಚಿತ್ರ ಅಂಚೆಚೀಟಿಯ ಹಿಗ್ಗಿಸಿದ ನಕಲಿನಂತೆ ಕಾಣುತ್ತದೆ. ಮೇಲ್ಮೈಯ ಗುರುತಿನ ಗಾತ್ರವೇ ಕಣ್ಣಿಗೆ ವಸ್ತುವಿನ ಗಾತ್ರವನ್ನು ಹೇಳುತ್ತದೆ. ಮಣ್ಣಿನ ಗೊಂಬೆಗಳ ಚಲನಚಿತ್ರದಂತೆ ಕಾಣಿಸಬೇಕೆನ್ನುವವರಿಗೂ ಇದೇ ತೊಡಕು: ಬೆರಳಚ್ಚಿನ ಗೆರೆಗಳ ನಡುವಿನ ಅಂತರ ಸುಮಾರು ಅರ್ಧ ಮಿಲಿಮೀಟರ್, ಆದ್ದರಿಂದ ಗೊಂಬೆ ಎಷ್ಟು ಎತ್ತರದ್ದೆಂದು ಮೊದಲು ನಿರ್ಧರಿಸದೆ ಅದರ ಮೇಲೆ ಬೆರಳಚ್ಚು ಒತ್ತಿದರೆ ಗೊಂಬೆ ಬೆಟ್ಟದಷ್ಟಾಗಿಯೋ ಕಡಲೆಕಾಳಿನಷ್ಟಾಗಿಯೋ ಕಾಣುತ್ತದೆ. ಮಣ್ಣಿಗೆ ಅಂಚೂ ಬೇರೆ, ಬೆಳಕು ಅಲ್ಲಿ ದುಂಡಗೆ ಸುತ್ತಿಕೊಂಡು ಹೋಗುತ್ತದೆ. ಆ ದಾರಿಗೆ ಇಲ್ಲಿ ಇಳಿಯುವುದಿಲ್ಲ.

ಕಾಗದವನ್ನು ನೀವೇ ಸ್ಕ್ಯಾನ್ ಮಾಡುವುದು ಉತ್ತಮ. ಪುಣೆಯವರಿಗೆ ಅನುಕೂಲವೂ ಇದೆ: ಶಿವಾಜಿನಗರದಲ್ಲಿ 1940ರಲ್ಲಿ ಆರಂಭವಾದ ಕೈಕಾಗದ ಸಂಸ್ಥೆಯಿದೆ, ಹತ್ತಿಯ ಚಿಂದಿಯಿಂದ ಮಾಡಿದ ಹಾಳೆಗಳ ನಾರು ಸ್ಕ್ಯಾನಿನಲ್ಲಿ ಸೊಗಸಾಗಿ ಬರುತ್ತದೆ. ಪುಟದಷ್ಟೇ 300ರ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಅಳತೆ ತಾನಾಗಿ ಸರಿಯಿರುತ್ತದೆ. ಸ್ಕ್ಯಾನಿನ ಬಣ್ಣ ತೆಗೆದು, `Filters > Enhance > High Pass` ಹಾಕಿದರೆ ಹಾಳೆಯ ಮಾಸಲು ಕಲೆಗಳು ಹೋಗಿ ನಡುಬೂದು ಹಿನ್ನೆಲೆಯಲ್ಲಿ ನಾರು ಮಾತ್ರ ಉಳಿಯುತ್ತದೆ. ಆ ಪದರವು ಕೆಳಗಿನದರೊಂದಿಗೆ ಬೆರೆಯುವ ವಿಧಾನವನ್ನು, ಅಂದರೆ `Mode` ಅನ್ನು, `Soft light` ಎಂದು ಬದಲಿಸಿ, ಅಪಾರದರ್ಶಕತೆಯನ್ನು, ಅಂದರೆ `Opacity`ಯನ್ನು, ಶೇಕಡಾ 20ರಿಂದ 30ರ ನಡುವೆ ಇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಈ ನಾರಿನ ಪದರವನ್ನು ಎಲ್ಲದರ ಮೇಲೆ ಒಮ್ಮೆಲೇ ಹರಡುವುದು. ಆಗ ಗೋಡೆಯಲ್ಲಿ ಹುಟ್ಟಿದ ನಾರೊಂದು ಕೊಡೆಯನ್ನು ದಾಟಿ ಆಕಾಶಕ್ಕೆ ಹೋಗುತ್ತದೆ, ಆರು ಹಾಳೆಗಳು ಒಂದಾಗಿಬಿಡುತ್ತವೆ. ಪ್ರತಿ ಹಾಳೆಗೂ ನಾರಿನ ಬೇರೆ ನಕಲು ಬೇಕು, ಆ ಹಾಳೆಯ ಆಕಾರಕ್ಕಷ್ಟೇ ಸೀಮಿತವಾಗಿರಬೇಕು, ಮತ್ತು ಬೇರೆ ಜಾಗಕ್ಕೆ ಸರಿಸಿರಬೇಕು. ಸರಿಸಿ ಎಂದೆನೇ ಹೊರತು ತಿರುಗಿಸಿ ಎನ್ನಲಿಲ್ಲ. ಸ್ಕ್ಯಾನರಿನ ದೀಪ ಹಾಳೆಯ ಮೇಲೆ ಒಂದು ಕಡೆಯಿಂದ ಬೀಳುವುದರಿಂದ ಉಬ್ಬಿದ ನಾರಿನ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕಪ್ಪಗೆ ಬಂದಿರುತ್ತದೆ. ನಕಲನ್ನು ಅರ್ಧಸುತ್ತು ತಿರುಗಿಸಿದರೆ ಆ ಬೆಳಕೂ ತಿರುಗಿ, ಉಬ್ಬುಗಳು ತಗ್ಗುಗಳಾಗಿ ಕಾಣುತ್ತವೆ. ನಾರಿನ ದಿಕ್ಕು ಬದಲಾಗಲೇಬೇಕಿದ್ದರೆ ಕಾಗದವನ್ನು ಸ್ಕ್ಯಾನರಿನ ಗಾಜಿನ ಮೇಲೆ ತಿರುಗಿಸಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಇದನ್ನು ತಿಳಿಯಲು ನನಗೆ ಒಂದು ಸಂಜೆ ಪೂರ್ತಿ ಹೋಯಿತು. ಗೋಡೆ ಸರಿಯಾಗಿ, ಬುರುಜು ಮಾತ್ರ ಸಿಡುಬು ಬಂದಂತೆ ಕಾಣುತ್ತಿತ್ತು.

ನೆರಳಿನ ಲೆಕ್ಕ

ಬೆಳಕು ಮೇಲಿನ ಎಡಮೂಲೆಯಿಂದ ಬರಲಿ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ಊಹಿಸಿಕೊಂಡಿರುತ್ತದೆ. ಕೆಳಗಿನಿಂದ ಬಂದಂತೆ ನೆರಳು ಹಾಕಿದರೆ ಮೇಲಿನ ತುಂಡು ಒಳಗೆ ಕೊರೆದಂತೆ ಕಾಣುವ ಅಪಾಯವಿದೆ.

ಒಂದು ಹಾಳೆಗೂ ಮುಂದಿನ ಹಾಳೆಗೂ ನಡುವೆ 3 ಮಿಲಿಮೀಟರ್ ದಪ್ಪದ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಯ ತುಂಡು ಇಟ್ಟು ಎತ್ತರಿಸಲಾಗಿದೆ ಎಂದು ಭಾವಿಸಿಕೊಳ್ಳಿ. ದೀಪ 45 ಡಿಗ್ರಿಯಲ್ಲಿ ಓರೆಯಾಗಿದ್ದರೆ ನೆರಳು ಎತ್ತರದಷ್ಟೇ ದೂರ, ಅಂದರೆ 3 ಮಿಲಿಮೀಟರ್ ಅಥವಾ ಸುಮಾರು 35 ಪಿಕ್ಸೆಲ್ ಸರಿಯುತ್ತದೆ. ಮೂಲೆಯಿಂದ ಮೂಲೆಗೆ 35 ಎಂದರೆ ಬಲಕ್ಕೆ 25, ಕೆಳಕ್ಕೆ 25. ನೆರಳಿನ ಅಂಚು ಎಷ್ಟು ಮಸುಕಾಗಿರುತ್ತದೆ ಎಂಬುದು ದೀಪದ ಗಾತ್ರದ ಮೇಲೆ ನಿಂತಿದೆ. 10 ಸೆಂಟಿಮೀಟರ್ ಅಗಲದ ದೀಪ 40 ಸೆಂಟಿಮೀಟರ್ ದೂರದಲ್ಲಿದ್ದರೆ ಮಸುಕಿನ ಅಗಲ ಎತ್ತರದ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ, ಅಂದರೆ ಇಲ್ಲಿ 9 ಪಿಕ್ಸೆಲ್. ಗಿಂಪಿನ `Gaussian Blur` ಕೇಳುವ ಸಂಖ್ಯೆ ಈ ಅಗಲಕ್ಕಿಂತ ಸಣ್ಣದು, ಅಗಲವನ್ನು ಎರಡೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ: 3.5.

ಈಗ ಮುಖ್ಯ ಸಂಗತಿಗೆ ಬರೋಣ. ಕೊಡೆಯ ಹಾಳೆ ಅವ್ವನ ಹಾಳೆಗಿಂತ ಒಂದು ಮೆಟ್ಟಿಲು ಮೇಲಿದೆ, ಆದರೆ ಗೋಡೆಗಿಂತ ಮೂರು ಮೆಟ್ಟಿಲು ಮೇಲಿದೆ. ಅಂದಮೇಲೆ ಅದೇ ಕೊಡೆಯ ನೆರಳು ಅವ್ವನ ತಲೆಯ ಮೇಲೆ 25 ಪಿಕ್ಸೆಲ್ ಸರಿದು ಚೂಪಾಗಿಯೂ, ಗೋಡೆಯ ಮೇಲೆ 75 ಪಿಕ್ಸೆಲ್ ಸರಿದು ಮಸುಕಾಗಿಯೂ ಬೀಳಬೇಕು. ಎರಡನೆಯದರ ಮಸುಕಿನ ಸಂಖ್ಯೆಯೂ ಮೂರು ಪಟ್ಟು, ಸುಮಾರು 11. ತಂತ್ರಾಂಶಗಳ ಸಿದ್ಧ ನೆರಳು ಎಲ್ಲ ಕಡೆಗೂ ಒಂದೇ ದೂರ, ಒಂದೇ ಮಸುಕು ಕೊಡುತ್ತದೆ. ಹಾಗಾಗಿಯೇ ಅದನ್ನು ಬಳಸಿದ ಚಿತ್ರಗಳಲ್ಲಿ ತುಂಡುಗಳೆಲ್ಲ ಸ್ಟಿಕ್ಕರಿನಂತೆ ಕಾಣುತ್ತವೆ, ಆಳ ಕಾಣುವುದಿಲ್ಲ. ಎರಡು ನೆರಳುಗಳನ್ನು ಬೇರೆ ಬೇರೆಯಾಗಿ ಮಾಡುವ ಶ್ರಮವೇ ಇಡೀ ಕೆಲಸದ ತಿರುಳು.

ಕ್ರಮ ಹೀಗೆ. ಕೊಡೆಯ ಪದರದ ನಕಲು ಮಾಡಿ, `Lock alpha` ಒತ್ತಿ, ನೆರಳಿನ ಬಣ್ಣದಿಂದ ತುಂಬಿ. ತುಂಬಿದ ಕೂಡಲೇ ಆ ಬೀಗವನ್ನು ತೆಗೆಯಿರಿ. ತೆಗೆಯದೆ ಮಸುಕುಗೊಳಿಸಿದರೆ ಅಂಚು ಹೊರಗೆ ಹರಡುವುದೇ ಇಲ್ಲ, ಆಜ್ಞೆ ಕೆಲಸ ಮಾಡಲಿಲ್ಲವೆಂದು ನೀವು ಸಂಖ್ಯೆಯನ್ನು ಸುಮ್ಮನೆ ಏರಿಸುತ್ತ ಹೋಗುತ್ತೀರಿ. ನಂತರ 75, 75 ಸರಿಸಿ, `Layer to Image Size` ಒತ್ತಿ, ಆಮೇಲೆ ಮಸುಕುಗೊಳಿಸಿ. ನಡುವಿನ ಆ ಒತ್ತುವಿಕೆಯನ್ನು ಬಿಟ್ಟರೆ ಪದರದ ಚೌಕಟ್ಟಿಗೆ ತಾಗಿದ ಕಡೆ ನೆರಳು ಚಾಕುವಿನಿಂದ ಕೊಯ್ದಂತೆ ನೇರವಾಗಿ ನಿಂತುಹೋಗಬಹುದು. ಈ ನೆರಳನ್ನು ಗೋಡೆಯ ಪದರದ ನೇರ ಮೇಲೆ ಇಡಿ, ಗೋಡೆಯ ಪದರದಿಂದ `Alpha to Selection` ಮಾಡಿ, ನೆರಳಿಗೆ `Add Layer Mask` ಮೂಲಕ `Selection` ಮುಖವಾಡ ಹಾಕಿ. ಈಗ ನೆರಳು ಗೋಡೆಯ ಮೇಲಷ್ಟೇ ಬೀಳುತ್ತದೆ, ಕಮಾನಿನ ತೂತಿಗೆ ಇಳಿಯುವುದಿಲ್ಲ. ಅದೇ ರೀತಿ 25 ಸರಿಸಿದ ನಕಲನ್ನು ಅವ್ವನ ಪದರದ ಮೇಲಿಟ್ಟು ಅವಳ ಆಕಾರಕ್ಕೆ ಸೀಮಿತಗೊಳಿಸಿ. ಉಳಿದ ಹಾಳೆಗಳ ನೆರಳಿಗೂ ಮೆಟ್ಟಿಲುಗಳನ್ನು ಎಣಿಸಿ ಇದೇ ಲೆಕ್ಕ.

ನೆರಳಿಗೆ ಶುದ್ಧ ಕಪ್ಪು ಬೇಡ. ಕಡುಗಂದು ಅಥವಾ ಕಡುನೀಲಿ ತೆಗೆದುಕೊಂಡು, ವಿಧಾನವನ್ನು `Multiply` ಮಾಡಿ, ಅಪಾರದರ್ಶಕತೆ ಶೇಕಡಾ 45 ಇಟ್ಟರೆ ಕೆಳಗಿನ ಹಾಳೆಯ ಬಣ್ಣ ನೆರಳಿನೊಳಗೂ ಉಳಿಯುತ್ತದೆ.

ಕಣ್ಣಿನ ಸೀಳಿನಲ್ಲಿ ನಾನು ಮೊದಲು ಎಡವಿದೆ. ಮುಖದ ಮೇಲೆ ಕಪ್ಪು ತುಂಡೊಂದನ್ನು ಇಟ್ಟು ಅದಕ್ಕೆ ನೆರಳು ಹಾಕಿದ್ದರಿಂದ ಕಣ್ಣು ಗುಂಡಿ ಹೊಲಿದಂತೆ ಎದ್ದು ನಿಂತಿತು. ಸೀಳು ತೂತಾಗಿರಬೇಕು: ಮುಖದ ಪದರದಲ್ಲಿ ಆ ಭಾಗವನ್ನು ಅಳಿಸಿ, ಅದರ ಕೆಳಗೆ ಕಪ್ಪಿನ ಬದಲು ಕಡುಗಂದು ಹಾಳೆಯನ್ನಿಟ್ಟರೆ, ಮುಖದ ನೆರಳು ತೂತಿನೊಳಗೆ ಎಡ ಮತ್ತು ಮೇಲಿನ ಅಂಚಿಗೆ ಅಂಟಿಕೊಂಡು ಬೀಳುತ್ತದೆ. ಕಮಾನಿನೊಳಗಿನ ಬಾಗಿಲಿಗೂ ಹೀಗೆಯೇ. ಒಂದು ತುಂಡು ಎದ್ದಿದೆಯೋ ಕೊರೆದಿದೆಯೋ ಎಂದು ತಿಳಿಯಲು ನೆರಳು ಅದರ ಹೊರಗಿದೆಯೋ ಒಳಗಿದೆಯೋ ಎಂದು ನೋಡಿದರೆ ಸಾಕು.

ಕೊನೆಯದಾಗಿ ಕಾಗದದ ದಪ್ಪ. ಪ್ರತಿ ಹಾಳೆಯ ಇನ್ನೊಂದು ನಕಲು ಮಾಡಿ, ಅದೇ ಬಣ್ಣದ ತಿಳಿಛಾಯೆ ತುಂಬಿ, ಮೂಲ ಪದರದ ಕೆಳಗಿಟ್ಟು ಎಡಕ್ಕೆ 2, ಮೇಲಕ್ಕೆ 2 ಪಿಕ್ಸೆಲ್ ಸರಿಸಿ. ದೀಪದತ್ತ ಮುಖಮಾಡಿದ ಅಂಚುಗಳಲ್ಲಿ ಮಾತ್ರ ಕೂದಲೆಳೆಯಷ್ಟು ಬೆಳಕು ಕಾಣಿಸುತ್ತದೆ, ತೂತುಗಳಲ್ಲಿ ತಾನಾಗಿಯೇ ಎದುರು ಬದಿಗೆ, ಅಂದರೆ ಬಲ ಮತ್ತು ಕೆಳಗಿನ ಅಂಚಿಗೆ ಹೋಗುತ್ತದೆ. ಮೇಲ್ಮೈಗೆ ಮಾತ್ರ ಬಣ್ಣವಿರುವ ಅಗ್ಗದ ಕಾಗದದಂತೆ ಕಾಣಬೇಕಾದರೆ ತಿಳಿಛಾಯೆಯ ಬದಲು ಬಿಳಿಯನ್ನೇ ತುಂಬಬಹುದು. ನನ್ನ ಅಭಿರುಚಿಗೆ ಬಿಳಿ ಹೆಚ್ಚಾಯಿತು.

ಅಚ್ಚಿಗೆ ಕೊಡುವ ಮುನ್ನ

ಪೂರ್ತಿ ಚಿತ್ರವನ್ನು ತೆರೆಯ ಮೇಲೆ ನೋಡಿ ಒಪ್ಪಿಕೊಳ್ಳಬೇಡಿ. ಅನುಮಾನವಿದ್ದಲ್ಲಿ ಎರಡು ಚೂರು ಕಾರ್ಡ್‌ಶೀಟಿನ ನಡುವೆ ಸನ್‌ಬೋರ್ಡಿನ ತುಂಡಿಟ್ಟು ಮೇಜಿನ ದೀಪದ ಕೆಳಗೆ ಹಿಡಿದು, ನಿಮ್ಮ ನೆರಳಿನ ಪಕ್ಕದಲ್ಲಿಟ್ಟು ಹೋಲಿಸಿ. ನನಗೆ ಗೋಡೆಯ ಮೇಲಿನ ಕೊಡೆಯ ನೆರಳು ಅತಿಯಾಯಿತೇನೋ ಎನ್ನಿಸಿತ್ತು. ಮೂರು ತುಂಡು ಸನ್‌ಬೋರ್ಡ್ ಪೇರಿಸಿ ನೋಡಿದಾಗ ನಿಜವಾದ ನೆರಳೂ ಅಷ್ಟೇ ದೂರ ಬಿತ್ತು.

ಅಚ್ಚಾದ ಮೊದಲ ಮಾದರಿ ಹಾಳೆ ಮುದ್ರಣಾಲಯದಿಂದ ಬಂದಾಗ ಮಾತ್ರ ನೆರಳುಗಳೆಲ್ಲ ಮಸಿಯಂತೆ ಕಟ್ಟಿಕೊಂಡಿದ್ದವು. ಹೊಳಪಿಲ್ಲದ ಕಾಗದ ಶಾಯಿಯನ್ನು ಹೀರಿಕೊಂಡು ಚುಕ್ಕೆಗಳನ್ನು ಹಿಗ್ಗಿಸುತ್ತದೆ, ಅದರಿಂದ ನಡುಛಾಯೆಗಳು ತೆರೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗುತ್ತವೆ. ಎಲ್ಲ ನೆರಳುಗಳನ್ನು ಶೇಕಡಾ 45ರಿಂದ 32ಕ್ಕೆ ಇಳಿಸಿ, ನಾರಿನ ಪದರವನ್ನು ಮಾತ್ರ ತುಸು ಏರಿಸಿ ಮತ್ತೆ ಕಳಿಸಿದೆ. ಎರಡನೆಯ ಮಾದರಿಯನ್ನು ಬಳಗದ ಹಿರಿಯರೊಬ್ಬರ ಕೈಗಿತ್ತಾಗ ಅವರು ಕೊಡೆಯ ಅಂಚನ್ನು ಉಗುರಿನಿಂದ ಎತ್ತಲು ನೋಡಿದರು.